ಗಾಲಿಯ ಗೆರೆ 7 ಮೀಟರ್, ನಿಮಿಷಕ್ಕೆ 62 ಸ್ಟ್ರೋಕ್: ಗುಣಿಸಿದರೆ 26 ಕಿ.ಮೀ., ಸ್ಟಾಪ್‌ವಾಚ್ ಹೇಳುವುದು 20.7. ವ್ಯತ್ಯಾಸ ಎಲ್ಲಿಂದ ಬಂತು?

ಜಯನಗರದ ತಂದೆ

ಮಗಳಿಗೆ 13 ವರ್ಷ, ಇನ್‌ಲೈನ್ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ನಮ್ಮ ಬಡಾವಣೆಯಲ್ಲಿ ಕೊನೆ ಮುಚ್ಚಿದ ಒಂದು ಟಾರು ರಸ್ತೆ ಇದೆ, ಬೆಳಗಿನ ಜಾವ ವಾಹನ ಬರುವುದಿಲ್ಲ. ಅಲ್ಲಿ ಟೇಪು ಹಿಡಿದು 100 ಮೀಟರ್ ಅಳೆದು, ಎರಡೂ ತುದಿಗೆ ಸೀಮೆಸುಣ್ಣದ ಗೆರೆ ಎಳೆದಿದ್ದೇನೆ. ಅವಳು ಮೊದಲ ಗೆರೆಗೆ ಬರುವ ಮೊದಲೇ ಪೂರ್ತಿ ವೇಗದಲ್ಲಿರುತ್ತಾಳೆ. ಹೋಗುವಾಗ 17.1 ಸೆಕೆಂಡ್, ಬರುವಾಗ 17.7. ಅಂದರೆ 200 ಮೀಟರ್‌ಗೆ 34.8 ಸೆಕೆಂಡ್, ಗಂಟೆಗೆ 20.7 ಕಿ.ಮೀ.

ಈಗ ಇನ್ನೊಂದು ದಾರಿ. ಬಲಗಾಲು ಊರಿದರೂ ಒಂದು, ಎಡಗಾಲು ಊರಿದರೂ ಒಂದು ಎಂದು ಎಣಿಸಿದರೆ ನಿಮಿಷಕ್ಕೆ 62 ಸ್ಟ್ರೋಕ್. ಸ್ಟ್ರೋಕ್‌ನ ಉದ್ದವೂ ತಾನಾಗಿಯೇ ಸಿಕ್ಕಿತು. ಎದುರು ಮನೆಯವರು ಅಂಗಳ ತೊಳೆದ ನೀರು ರಸ್ತೆಯ ಅಗಲಕ್ಕೂ ಹರಿದಿತ್ತು. ಅದರ ಮೇಲೆ ಹಾದುಹೋದ ಗಾಲಿಗಳು ಮುಂದಿನ ಒಣ ಟಾರಿನ ಮೇಲೆ ಸ್ಪಷ್ಟವಾದ ಗೆರೆ ಬಿಟ್ಟಿದ್ದವು. ಎಡಗಾಲು ಊರಿದ ಕಡೆಯಿಂದ ಎತ್ತಿದ ಕಡೆಯವರೆಗೆ ಅಳೆದರೆ 7 ಮೀಟರ್, ಬಲಗಾಲಿನದೂ ಹೆಚ್ಚುಕಡಿಮೆ ಅಷ್ಟೇ.

7 ಗುಣಿಸು 62 ಅಂದರೆ ನಿಮಿಷಕ್ಕೆ 434 ಮೀಟರ್, ಗಂಟೆಗೆ 26 ಕಿ.ಮೀ. ಸ್ಟಾಪ್‌ವಾಚ್‌ಗಿಂತ ಐದು ಕಿ.ಮೀ. ಜಾಸ್ತಿ. ಕೈ ಒತ್ತುವುದು ತಡವಾದರೂ ಇಷ್ಟು ತಪ್ಪು ಬರಲು ಸಾಧ್ಯವಿಲ್ಲ. ಉದ್ದವನ್ನು ನಿಮಿಷದ ಎಣಿಕೆಯಿಂದ ಗುಣಿಸುವ ಲೆಕ್ಕವೇ ಸ್ಕೇಟಿಂಗ್‌ಗೆ ಹೊಂದುವುದಿಲ್ಲವೇ?

ಎರಡೂ ಕಾಲು

ಸರ್, ಇದು ಎಲ್ಲ ಕಡೆ ಆಗುವ ಗೊಂದಲ. ಕೆಲವು ಕೋಚ್‌ಗಳು ಒಂದು ಕಾಲಿನ ತಳ್ಳುವಿಕೆಯನ್ನು ಸ್ಟ್ರೋಕ್ ಎನ್ನುತ್ತಾರೆ, ಕೆಲವರು ಬಲ ಮತ್ತು ಎಡ ಎರಡೂ ಮುಗಿದರೆ ಒಂದು ಎನ್ನುತ್ತಾರೆ. ನೀವು ಎರಡೂ ಕಾಲು ಎಣಿಸಿದ್ದೀರಿ, ಅಳೆದಿರುವುದು ಮಾತ್ರ ಒಂದೇ ಕಾಲಿನ ಗೆರೆ. ಆದ್ದರಿಂದ 62ರ ಅರ್ಧ 31 ತೆಗೆದುಕೊಳ್ಳಬೇಕು.

ಜಯನಗರದ ತಂದೆ

ಹಾಗೆ ಮಾಡಿದರೆ ಗಂಟೆಗೆ 13 ಕಿ.ಮೀ. ಬರುತ್ತದೆ. ಸ್ಟಾಪ್‌ವಾಚ್ ಅದನ್ನೂ ಒಪ್ಪುವುದಿಲ್ಲವಲ್ಲ?

ಎರಡೂ ಕಾಲು

ಅದು ನಿಜ. ಆದರೂ ಕೋಚ್ ಒಂದು ಸಂಖ್ಯೆ ಹೇಳಿದಾಗ ಅದು ಯಾವ ಎಣಿಕೆ ಎಂದು ಮೊದಲು ಕೇಳಿ. ನಮ್ಮ ಗುಂಪಿನಲ್ಲಿ ಒಬ್ಬರು ಬಲಗಾಲು ಮಾತ್ರ ಎಣಿಸುತ್ತಾರೆ, ಓಡುವಾಗ ಅದೇ ಸುಲಭ ಎಂದು.

ಸೈಕಲ್ ಸವಾರ

ಇಷ್ಟೆಲ್ಲ ಏಕೆ? ಸೈಕಲ್‌ಗೆ ಹಾಕುವ ಮ್ಯಾಗ್ನೆಟ್ ಸೆನ್ಸರ್ ಒಂದನ್ನು ಗಾಲಿಗೆ ಕಟ್ಟಿ. 90 ಮಿ.ಮೀ. ಗಾಲಿಯಾದರೆ ಸುತ್ತಳತೆ 28 ಸೆಂ.ಮೀ. ಸುತ್ತು ಎಣಿಸಿದರೆ ವೇಗ ಬಂದುಬಿಡುತ್ತದೆ.

ಹಳೆಯ ರೇಸರ್

ಸೈಕಲ್‌ನ ಚಕ್ರ ಯಾವಾಗಲೂ ನೆಲದ ಮೇಲೆ ಇರುತ್ತದೆ, ರಸ್ತೆಯ ದಿಕ್ಕಿನಲ್ಲೇ ಉರುಳುತ್ತದೆ. ಸ್ಕೇಟ್ ಎರಡನ್ನೂ ಮಾಡುವುದಿಲ್ಲ. ಅರ್ಧಕ್ಕೆ ಹತ್ತಿರದ ಸಮಯ ಅದು ಗಾಳಿಯಲ್ಲಿರುತ್ತದೆ, ಆಗಲೂ ಗಾಲಿ ತನ್ನ ಪಾಡಿಗೆ ಸುತ್ತುತ್ತ ನಿಧಾನವಾಗುತ್ತದೆ. ನೆಲದ ಮೇಲಿದ್ದಾಗ ಓರೆಯಾಗಿ ಹೋಗುತ್ತದೆ. ಸೆನ್ಸರ್ ತೋರಿಸುವ ಸಂಖ್ಯೆಗೆ ಹುಡುಗಿ ರಸ್ತೆಯಲ್ಲಿ ಎಷ್ಟು ಮುಂದೆ ಹೋದಳು ಎಂಬುದರ ಜೊತೆ ನೇರ ಸಂಬಂಧ ಇರುವುದಿಲ್ಲ.

ಜಯನಗರದವರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಸರ್, ನಿಮ್ಮ ಗುಣಾಕಾರ ಸರಿ, ಎಣಿಕೆಯೂ ಸರಿ, ಅಳೆದ ಉದ್ದ ಮಾತ್ರ ಬೇರೆಯದು. ನೀವು ಅಳೆದಿರುವುದು ಒಂದು ಸ್ಕೇಟ್ ನೆಲದ ಮೇಲೆ ಇದ್ದಷ್ಟು ಹೊತ್ತು ಎಳೆದ ಗೆರೆ. ಲೆಕ್ಕಕ್ಕೆ ಬೇಕಾಗಿರುವುದು ಬಲಗಾಲು ಊರಿದ ಕ್ಷಣದಿಂದ ಎಡಗಾಲು ಊರಿದ ಕ್ಷಣದವರೆಗೆ ಅವಳು ರಸ್ತೆಯ ಉದ್ದಕ್ಕೆ ಸಾಗಿದ ದೂರ. ಎಡಗಾಲು ಊರಿದ ಮೇಲೂ ಬಲಗಾಲು ಸ್ವಲ್ಪ ಹೊತ್ತು ನೆಲದ ಮೇಲೇ ಇದ್ದು ತಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಎರಡು ಗೆರೆಗಳೂ ಒಟ್ಟಿಗೆ ಬೆಳೆಯುತ್ತವೆ. ಒಂದೊಂದು ಗೆರೆಯನ್ನೂ ಪೂರ್ತಿ ಅಳೆದು ಕೂಡಿಸಿದರೆ ಆ ಭಾಗವನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಮೊಬೈಲ್‌ನಲ್ಲಿ ಬದಿಯಿಂದ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 30 ಫ್ರೇಮ್ ಸಾಕು. ಒಂದು ಕಾಲು ಊರಿದಾಗಿನಿಂದ ಇನ್ನೊಂದು ಊರುವವರೆಗೆ ಎಷ್ಟು ಫ್ರೇಮ್, ಎರಡೂ ಕಾಲು ನೆಲದ ಮೇಲೆ ಇರುವುದು ಎಷ್ಟು ಫ್ರೇಮ್, ಇವೆರಡನ್ನು ಎಣಿಸಿ ಹೇಳಿ. ಇನ್ನೊಂದು ಮಾತು: ಒದ್ದೆ ಜಾಗದ ಮೇಲೆ ಆ ವೇಗದಲ್ಲಿ ಮತ್ತೆ ಓಡಿಸಬೇಡಿ. ಒದ್ದೆ ಟಾರಿನ ಮೇಲೆ ಗಾಲಿ ತಳ್ಳುವಾಗ ಪಕ್ಕಕ್ಕೆ ಜಾರುತ್ತದೆ, ಬಿದ್ದರೆ ಸೊಂಟ ಮತ್ತು ಮಣಿಕಟ್ಟಿಗೇ ಪೆಟ್ಟು.

ನಡಿಗೆಯವನು

ನನ್ನ ಕೈಗಡಿಯಾರವನ್ನು ಕಟ್ಟಿಕೊಂಡು ಸ್ಕೇಟ್ ಮಾಡಿದರೆ ಗಂಟೆಗೆ 3 ಕಿ.ಮೀ. ಎಂದು ತೋರಿಸುತ್ತದೆ. ಹೆಜ್ಜೆಗಳು ಕಡಿಮೆ ಎಂದು ಬೈಯುತ್ತದೆ. ಇದಕ್ಕೆ ಪರಿಹಾರ ಇದೆಯೇ?

ಹಳೆಯ ರೇಸರ್

ಅದು ನಡಿಗೆಯ ಲೆಕ್ಕದಲ್ಲಿದೆ. ಒಂದು ಸ್ಟ್ರೋಕನ್ನು ಮುಕ್ಕಾಲು ಮೀಟರ್‌ನ ಒಂದು ಹೆಜ್ಜೆ ಎಂದುಕೊಂಡರೆ 62 ಸ್ಟ್ರೋಕ್‌ಗೆ ಗಂಟೆಗೆ 3 ಕಿ.ಮೀ.ಗಿಂತ ಕಡಿಮೆಯೇ ಬರುತ್ತದೆ. ಜಿಪಿಎಸ್ ಚಾಲೂ ಮಾಡಿ ಸ್ಕೇಟಿಂಗ್ ವಿಭಾಗ ಆರಿಸಿ. ಹಾಗೆ ಮಾಡಿದರೂ ಮರಗಳ ಕೆಳಗೆ 100 ಮೀಟರ್‌ನಂಥ ಚಿಕ್ಕ ದೂರಕ್ಕೆ ಅದನ್ನು ನಂಬಬೇಡಿ, ಸ್ಥಾನ ಕೆಲವು ಮೀಟರ್ ಅತ್ತಿತ್ತ ಹೋಗುತ್ತದೆ. ಕಿಲೋಮೀಟರ್‌ಗಟ್ಟಲೆ ಓಡಿದಾಗ ಪರವಾಗಿಲ್ಲ.

ಜಯನಗರದ ತಂದೆ

ವಿಡಿಯೊ ತೆಗೆದೆ. ಕಾಲು ಊರಿದಾಗಿನಿಂದ ಇನ್ನೊಂದು ಊರುವವರೆಗೆ 29 ಫ್ರೇಮ್. ಎರಡೂ ಕಾಲು ನೆಲದ ಮೇಲೆ ಇರುವುದು 6 ಫ್ರೇಮ್, ಒಮ್ಮೊಮ್ಮೆ 5.

ಹಳೆಯ ರೇಸರ್

ಹಾಗಾದರೆ ನೋಡಿ. 29 ಫ್ರೇಮ್ ಅಂದರೆ 0.97 ಸೆಕೆಂಡ್, ಅದು ನಿಮಿಷಕ್ಕೆ 62 ಸ್ಟ್ರೋಕ್‌ಗೆ ಸರಿಹೊಂದುತ್ತದೆ. ಒಂದು ಸ್ಕೇಟ್ ನೆಲದ ಮೇಲೆ ಇರುವುದು 29 ಅಲ್ಲ, 35 ಫ್ರೇಮ್, ಅಂದರೆ 1.17 ಸೆಕೆಂಡ್. ಅವಳ ವೇಗ ಸೆಕೆಂಡಿಗೆ 5.75 ಮೀಟರ್. ಅಷ್ಟು ಹೊತ್ತಿನಲ್ಲಿ ರಸ್ತೆಯ ಉದ್ದಕ್ಕೆ 6.7 ಮೀಟರ್. ಗೆರೆ ಓರೆಯಾಗಿ, ಕೊನೆಯಲ್ಲಿ ಹೊರಕ್ಕೆ ಬಾಗಿ ಹೋಗುವುದರಿಂದ ಅದರ ಮೇಲೇ ಟೇಪು ಇಟ್ಟರೆ ಇನ್ನೂ ಸ್ವಲ್ಪ ಉದ್ದ. ನಿಮ್ಮ 7 ಮೀಟರ್ ಅಲ್ಲಿಂದ ಬಂದಿದೆ. ಐದು ಕಿ.ಮೀ.ಯಲ್ಲಿ ಹೆಚ್ಚಿನ ಪಾಲು ಎರಡೂ ಕಾಲು ಒಟ್ಟಿಗೆ ನೆಲದ ಮೇಲಿದ್ದ ಆ 6 ಫ್ರೇಮ್‌ನದು, ಉಳಿದದ್ದು ಓರೆಯದು.

ಸರಿಯಾದ ಉದ್ದ ಬೇಕೆಂದರೆ ರಸ್ತೆಯಂಚಿನ ಕಲ್ಲುಗಳ ಮೇಲೆ ಮೀಟರ್‌ಗೊಂದು ಗುರುತು ಹಾಕಿ, ಕ್ಯಾಮೆರಾವನ್ನು ಮಧ್ಯದಲ್ಲಿ ರಸ್ತೆಗೆ ನೇರ ಅಡ್ಡವಾಗಿ, ಸಾಧ್ಯವಾದಷ್ಟು ದೂರದಲ್ಲಿ ಇಡಿ. ಬಲಗಾಲು ಊರಿದ ಜಾಗದಿಂದ ಅದೇ ಬಲಗಾಲು ಮತ್ತೆ ಊರಿದ ಜಾಗದವರೆಗೆ ಅಂಚಿಗೆ ಸಮಾನಾಂತರವಾಗಿ ಓದಿ, ಎರಡರಿಂದ ಭಾಗಿಸಿ. ಬಲದಿಂದ ಎಡಕ್ಕೆ ಮಾತ್ರ ಓದಿದರೆ ಮೋಸ ಹೋಗುತ್ತೀರಿ, ಕಲಿಯುವ ಮಕ್ಕಳಲ್ಲಿ ಒಂದು ಕಾಲಿನ ಸ್ಟ್ರೋಕ್ ಇನ್ನೊಂದಕ್ಕಿಂತ ಉದ್ದವಾಗಿರುತ್ತದೆ. ಎಣಿಸುವಾಗ ಮೊದಲ ಊರುವಿಕೆಯನ್ನು ಸೊನ್ನೆ ಎಂದು ಎಣಿಸಿ, ಒಂದು ಎಂದಲ್ಲ. 100 ಮೀಟರ್‌ಗೆ 18 ಸ್ಟ್ರೋಕ್ ಇರುವಾಗ ಒಂದು ಹೆಚ್ಚಾಗಿ ಎಣಿಸಿದರೆ ನೂರಕ್ಕೆ ಐದೂವರೆ ತಪ್ಪು.

100 ಮೀಟರನ್ನು 18ರಿಂದ ಭಾಗಿಸಿ 5.56 ಪಡೆದು ಅದನ್ನೇ 62ರಿಂದ ಗುಣಿಸಬೇಡಿ. ಆ 5.56 ಹುಟ್ಟಿದ್ದೇ ನಿಮ್ಮ ಟೇಪು ಮತ್ತು ಸ್ಟಾಪ್‌ವಾಚ್‌ನಿಂದ, ಗುಣಿಸಿದರೆ ಅದೇ 20.7 ಹಿಂದಿರುಗಿ ಬರುತ್ತದೆ, ಹೊಸದೇನೂ ತಿಳಿಯುವುದಿಲ್ಲ. ಉದ್ದವನ್ನು ಬೇರೆಯಾಗಿ ಅಳೆದರೆ ಮಾತ್ರ ಒಂದು ಇನ್ನೊಂದನ್ನು ಪರೀಕ್ಷಿಸುತ್ತದೆ.

ರಾಜಾಜಿನಗರ ರಿಂಕ್

ನಮ್ಮ ಹುಡುಗ ರಿಂಕ್‌ನಲ್ಲಿ ಅಭ್ಯಾಸ ಮಾಡುತ್ತಾನೆ. ಇದೇ ರೀತಿ ಎಣಿಸಿದರೆ ಪ್ರತಿ ಸುತ್ತಿಗೂ ಉದ್ದ ಬೇರೆ ಬೇರೆ ಬರುತ್ತದೆ. ಅವನ ಸ್ಟ್ರೋಕ್ ಸ್ಥಿರವಾಗಿಲ್ಲ ಎಂದು ಅರ್ಥವೇ?

ಹಳೆಯ ರೇಸರ್

ಅಲ್ಲ, ತಿರುವಿನಲ್ಲಿ ಕಾಲು ದಾಟಿಸಿ ಹಾಕುವಾಗ ಸ್ಟ್ರೋಕ್ ಗಿಡ್ಡ, ಎಣಿಕೆ ಜಾಸ್ತಿ. ನೇರ ಭಾಗ ಮತ್ತು ತಿರುವನ್ನು ಕಲಸಿ ಸರಾಸರಿ ತೆಗೆದರೆ ಯಾವುದಕ್ಕೂ ಹೊಂದದ ಸಂಖ್ಯೆ ಸಿಗುತ್ತದೆ. ನೇರ ಭಾಗವನ್ನು ಮಾತ್ರ ಎಣಿಸಿ. ಡಬಲ್ ಪುಶ್ ಕಲಿಯುತ್ತಿದ್ದರೆ ಇನ್ನೊಂದು ಎಚ್ಚರ. 1990ರ ದಶಕದಲ್ಲಿ ಚಾಡ್ ಹೆಡ್ರಿಕ್ ಪ್ರಸಿದ್ಧಗೊಳಿಸಿದ ಆ ಶೈಲಿಯಲ್ಲಿ ಕಾಲು ಮೊದಲು ಒಳಮುಖವಾಗಿ, ಮತ್ತೆ ಹೊರಮುಖವಾಗಿ ತಳ್ಳುತ್ತದೆ. ತಳ್ಳಿದ್ದನ್ನು ಎಣಿಸಿದರೆ ದುಪ್ಪಟ್ಟಾಗುತ್ತದೆ. ಕಾಲು ಊರಿದ್ದನ್ನೇ ಎಣಿಸಬೇಕು.

ಜಯನಗರದ ತಂದೆ

ಅಂಚಿನ ಕಲ್ಲಿಗೆ ಗುರುತು ಹಾಕಿ ನೋಡಿದೆ. ಬಲದಿಂದ ಬಲಕ್ಕೆ 11 ಮೀಟರ್, ಓದುವುದರಲ್ಲಿ ಕಾಲು ಮೀಟರ್‌ನಷ್ಟು ಅನುಮಾನ ಇದೆ. ಅಂದರೆ ಸ್ಟ್ರೋಕ್‌ಗೆ 5.5. ಅದನ್ನು 62ರಿಂದ ಗುಣಿಸಿದರೆ ನಿಮಿಷಕ್ಕೆ 341 ಮೀಟರ್, ಗಂಟೆಗೆ 20.5 ಕಿ.ಮೀ. ಸ್ಟಾಪ್‌ವಾಚ್‌ನ 20.7ಕ್ಕೆ ಇದು ಸಾಕಷ್ಟು ಹತ್ತಿರ. ಬಹಳ ಉಪಕಾರವಾಯಿತು.

ಈಗ ಅಸಲಿ ವಿಷಯ. ನಿಮಿಷಕ್ಕೆ 72 ಸ್ಟ್ರೋಕ್‌ಗೆ ಏರಿಸಬೇಕು ಎಂದು ಕೋಚ್ ಹೇಳಿದ್ದಾರೆ. 5.56 ಗುಣಿಸು 72 ಅಂದರೆ ಗಂಟೆಗೆ 24 ಕಿ.ಮೀ. ಅಷ್ಟು ನಿರೀಕ್ಷಿಸಬಹುದೇ?

ಎರಡೂ ಕಾಲು

ಖಂಡಿತ. ಎಣಿಕೆ ಹೆಚ್ಚಾದಷ್ಟೂ ವೇಗ ಹೆಚ್ಚು, ಸೂತ್ರವೇ ಹಾಗಿದೆ.

ಭೌತಶಾಸ್ತ್ರದ ಮೇಡಂ

ವೇಗ ಹೆಚ್ಚಾಗುತ್ತದೆ ಎಂಬುದು ಸರಿ, ಆದರೆ ಅಷ್ಟು ಹೆಚ್ಚಾಗುವುದಿಲ್ಲ. ಸೂತ್ರ ಒಂದು ಕ್ಷಣದ ಲೆಕ್ಕವನ್ನು ಹೇಳುತ್ತದೆಯೇ ಹೊರತು ಒಂದನ್ನು ಬದಲಿಸಿದರೆ ಇನ್ನೊಂದು ಹಾಗೆಯೇ ಉಳಿಯುತ್ತದೆ ಎಂದು ಹೇಳುವುದಿಲ್ಲ. 72ಕ್ಕೆ ಏರಿಸಿದಾಗ ಸ್ಟ್ರೋಕ್‌ನ ಉದ್ದ 5.56ರಲ್ಲಿ ಉಳಿಯುವುದಿಲ್ಲ.

ಹೀಗೆ ಯೋಚಿಸಿ. ಮಗು ಒಂದು ಸ್ಟ್ರೋಕ್‌ನಲ್ಲಿ ಮೊದಲಿನಷ್ಟೇ ಜೋರಾಗಿ, ಮೊದಲಿನಷ್ಟೇ ಪೂರ್ತಿಯಾಗಿ ತಳ್ಳುತ್ತದೆ ಎಂದಿಟ್ಟುಕೊಳ್ಳೋಣ. 62ರಿಂದ 72ಕ್ಕೆ ಹೋದರೆ ನಿಮಿಷಕ್ಕೆ ಮಾಡುವ ಕೆಲಸ ನೂರಕ್ಕೆ 16ರಷ್ಟು ಹೆಚ್ಚಾಯಿತು. ಅದು ಎಷ್ಟು ವೇಗವನ್ನು ಕೊಳ್ಳುತ್ತದೆ ಎಂಬುದು ತಡೆ ಎಂಥದ್ದು ಎನ್ನುವುದರ ಮೇಲೆ ನಿಂತಿದೆ. ಗಾಲಿಯ ಉರುಳುವ ತಡೆ ಮಾತ್ರ ಇದ್ದಿದ್ದರೆ ವೇಗವೂ ನೂರಕ್ಕೆ 16ರಷ್ಟೇ ಹೆಚ್ಚುತ್ತಿತ್ತು, ಏಕೆಂದರೆ ಆ ತಡೆ ವೇಗದೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಗಾಳಿಯ ತಡೆ ಮಾತ್ರ ಇದ್ದಿದ್ದರೆ ಬರೀ 5, ಏಕೆಂದರೆ ಗಾಳಿಯ ಎದುರು ಬೇಕಾದ ಕೆಲಸ ವೇಗದ ಘನದಂತೆ ಏರುತ್ತದೆ. ಟಾರು ರಸ್ತೆಯಲ್ಲಿ, ಈ ಮೈಕಟ್ಟಿನ ಹುಡುಗಿಗೆ, ಗಂಟೆಗೆ 20 ಕಿ.ಮೀ. ಆಸುಪಾಸಿನಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮ ಎಂದು ನನ್ನ ಅಂದಾಜು. ಆಗ ಬರುವುದು ನೂರಕ್ಕೆ 8ರ ಹತ್ತಿರ. 20.7 ಇದ್ದದ್ದು 22.3 ಆಗಬಹುದು, ಸ್ಟ್ರೋಕ್‌ನ ಉದ್ದ 5.2 ಮೀಟರ್‌ಗೆ ಇಳಿಯಬಹುದು. ಉದ್ದ ಕಡಿಮೆಯಾಯಿತೆಂದು ಮಗುವನ್ನು ಗದರಬೇಡಿ, ಅದು ಆಗಬೇಕಾದದ್ದೇ.

ಹಳೆಯ ರೇಸರ್

ಮೇಡಂ, ಲೆಕ್ಕ ಚೆನ್ನಾಗಿದೆ. ಒಂದು ಕಡೆ ಮಾತ್ರ ನನಗೆ ಒಪ್ಪಿಗೆ ಇಲ್ಲ. ಪ್ರತಿ ಸ್ಟ್ರೋಕ್‌ನ ಕೆಲಸ ಮೊದಲಿನಷ್ಟೇ ಉಳಿಯುತ್ತದೆ ಎಂದಿದ್ದೀರಿ. ಎಣಿಕೆ ಏರಿಸು ಎಂದ ತಕ್ಷಣ ಮಕ್ಕಳು ಮೊದಲು ಮಾಡುವುದು ಮೊಣಕಾಲು ನೇರವಾಗಿಸಿ ಎದ್ದು ನಿಂತು, ಅರ್ಧಂಬರ್ಧ ತಳ್ಳಿ ಕಾಲು ಎತ್ತಿಬಿಡುವುದು. ಎದ್ದು ನಿಂತರೆ ಗಾಳಿಗೆ ಎದೆಯೂ ಜಾಸ್ತಿ ಸಿಗುತ್ತದೆ. 72 ಬರುತ್ತದೆ, ವೇಗ 21ರಲ್ಲೇ ನಿಲ್ಲುತ್ತದೆ. ಇಂಥವರನ್ನು ನಾನು ತುಂಬ ನೋಡಿದ್ದೇನೆ.

ಭೌತಶಾಸ್ತ್ರದ ಮೇಡಂ

ನಿಮ್ಮ ಮಾತು ಕಲಿಯುವವರಿಗೆ ಸರಿ ಇರಬಹುದು. ನಾನು ಇಟ್ಟುಕೊಂಡ ಊಹೆ ಐಸ್ ಮೇಲಿನ ವೇಗದ ಸ್ಕೇಟಿಂಗ್‌ನಿಂದ ಬಂದದ್ದು. ಕ್ಲ್ಯಾಪ್ ಸ್ಕೇಟ್ ರೂಪಿಸಿದ ಡಚ್ ವಿಜ್ಞಾನಿ ಗೆರಿಟ್ ಯಾನ್ ವಾನ್ ಇಂಗನ್ ಸ್ಖೆನೌ ಮತ್ತು ಜೊತೆಗಾರರು 1980ರ ದಶಕದಲ್ಲಿ ಉನ್ನತ ಮಟ್ಟದ ಮಹಿಳಾ ಸ್ಕೇಟರ್‌ಗಳನ್ನು ಅಳೆದರು. ಬೇರೆ ಬೇರೆ ದೂರದ ಓಟಗಳಲ್ಲಿ ಅವರು ವೇಗವನ್ನು ಹೊಂದಿಸಿಕೊಳ್ಳುತ್ತಿದ್ದದ್ದು ಮುಖ್ಯವಾಗಿ ಎಣಿಕೆಯಿಂದ, ಒಂದು ಸ್ಟ್ರೋಕ್‌ನ ಕೆಲಸ ಹೆಚ್ಚು ಬದಲಾಗುತ್ತಿರಲಿಲ್ಲ. ಆದರೆ ಅವರು ಪಳಗಿದವರು, ಮಗು ಅಲ್ಲ. ಆದ್ದರಿಂದ 22.3 ಅನ್ನು ಮೇಲಿನ ಮಿತಿ ಎಂದುಕೊಳ್ಳಿ.

ಕರಾವಳಿಯವಳು

ಬೆಂಗಳೂರಿನಲ್ಲಿ ಓದುವಾಗ ನನಗೆ ಬರುತ್ತಿದ್ದ ಸಮಯ ಮಂಗಳೂರಿಗೆ ಬಂದ ಮೇಲೆ ಬರುತ್ತಿಲ್ಲ. ಸೆಕೆಗೆ ಬೇಗ ಸುಸ್ತಾಗುತ್ತದೆ ಎಂದುಕೊಂಡಿದ್ದೆ. ಮೇಡಂ ಹೇಳುವ ಗಾಳಿಯ ತಡೆಗೂ ಇದಕ್ಕೂ ಸಂಬಂಧ ಇದೆಯೇ?

ಭೌತಶಾಸ್ತ್ರದ ಮೇಡಂ

ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಕರಾವಳಿಗಿಂತ ನೂರಕ್ಕೆ ಹತ್ತರಷ್ಟು ತೆಳು. ತಡೆಯಲ್ಲಿ ಗಾಳಿಯ ಪಾಲು ಅರ್ಧ ಎಂದರೆ ಅದೇ ಎಣಿಕೆ, ಅದೇ ತಳ್ಳುವಿಕೆಗೆ ಕೆಳಗೆ ವೇಗ ನೂರಕ್ಕೆ ಎರಡು ಎರಡೂವರೆ ಕಡಿಮೆ. 20.7ರ ಜಾಗದಲ್ಲಿ 20.2. ಸೆಕೆಯ ಪಾಲು ಇದಕ್ಕೆ ಬೇರೆಯಾಗಿ ಸೇರಬೇಕು, ಅದನ್ನು ಈ ಲೆಕ್ಕದಿಂದ ತೆಗೆಯಲು ಆಗುವುದಿಲ್ಲ.

ಸೈಕಲ್ ಸವಾರ

ರಸ್ತೆ ನಿಜವಾಗಿ ಸಮತಟ್ಟಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಸೈಕಲ್ ತುಳಿಯುವವನಿಗೆ ಗೊತ್ತು, ಬೆಂಗಳೂರಿನಲ್ಲಿ ಸಮತಟ್ಟು ಎನ್ನುವ ರಸ್ತೆಗಳಲ್ಲಿ ಅರ್ಧದಷ್ಟು ಯಾವುದೋ ಹಳೆಯ ಕೆರೆಯ ಕಡೆಗೆ ಇಳಿಯುತ್ತಿರುತ್ತವೆ.

ಹಳೆಯ ರೇಸರ್

ಇದು ಸರಿಯಾದ ಪ್ರಶ್ನೆ. ನೂರು ಮೀಟರ್‌ಗೆ ಒಂದು ಮೀಟರ್ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಗಾಲಿಯ ಉರುಳುವ ತಡೆಯ ಬಹುಪಾಲನ್ನು ಅಳಿಸಿಹಾಕುತ್ತದೆ. ಜಯನಗರದವರು ಹೋಗುವ ಮತ್ತು ಬರುವ ಸಮಯ ಎರಡನ್ನೂ ತೆಗೆದುಕೊಂಡದ್ದರಿಂದ ಬಚಾವಾದರು. 17.1 ಮತ್ತು 17.7 ಇಷ್ಟು ಹತ್ತಿರ ಇರುವುದರಿಂದ ಆ ರಸ್ತೆಯನ್ನು ನಂಬಬಹುದು. ಎರಡು ಸಮಯಗಳ ನಡುವೆ ಮೂರು ನಾಲ್ಕು ಸೆಕೆಂಡ್ ವ್ಯತ್ಯಾಸ ಬಂದರೆ ಇಳಿಜಾರೋ ಗಾಳಿಯೋ ಇದೆ ಎಂದು ಅರ್ಥ. ಆಗ ಸರಾಸರಿಯೂ ಪೂರ್ತಿ ಸರಿಹೋಗುವುದಿಲ್ಲ, ಬೇರೆ ರಸ್ತೆ ಹುಡುಕಬೇಕು. ಗೆಳತಿಯ ಹಿಂದೆಯೇ ಓಡಿಸಿ ಅಳೆಯುವುದೂ ಬೇಡ. ಮುಂದಿನವರು ಗಾಳಿಯನ್ನು ಸೀಳುವುದರಿಂದ ಅದೇ ಎಣಿಕೆಗೆ ಸ್ಟ್ರೋಕ್ ಉದ್ದವಾಗಿ ಕಾಣುತ್ತದೆ.

ಜಯನಗರದ ತಂದೆ

ಭಾನುವಾರ ಬೆಳಿಗ್ಗೆ ಗಾಳಿ ಇಲ್ಲದಾಗ ಓಡಿಸಿದೆ. ಮೊಬೈಲ್‌ನ ಮೆಟ್ರೊನೋಮ್ ಅನ್ನು 72ಕ್ಕೆ ಇಟ್ಟು ಒಂದು ಕಿವಿಗೆ ಇಯರ್‌ಫೋನ್ ಹಾಕಿಸಿದ್ದೆ. ಮೊದಲ ಕೆಲವು ಓಟಗಳಲ್ಲಿ ರೇಸರ್ ಸರ್ ಹೇಳಿದಂತೆಯೇ ಎದ್ದು ನಿಂತಳು, ಎಣಿಕೆ ಬಂತು, ವೇಗ 21 ದಾಟಲಿಲ್ಲ. ಕುಳಿತ ಭಂಗಿ ಬಿಡಬೇಡ ಎಂದು ಕೂಗಿ ಹೇಳುತ್ತಾ ಓಡಿಸಿದ ಮೇಲೆ ಹೋಗುವಾಗ 16.0, ಬರುವಾಗ 16.4. ಗಂಟೆಗೆ 22.2 ಕಿ.ಮೀ. ವಿಡಿಯೊದಲ್ಲಿ ಎಣಿಸಿದರೆ 71 ಸ್ಟ್ರೋಕ್, ಅಂದರೆ ಉದ್ದ 5.2. ಮೇಡಂ ಹೇಳಿದ ಮಿತಿಯ ಒಳಗೇ ಇದೆ.

ಆದರೆ ಅಷ್ಟು ವೇಗದಲ್ಲಿ ನಾಲ್ಕನೆಯ ಓಟಕ್ಕೇ ತೊಡೆ ಉರಿಯುತ್ತದೆ ಎನ್ನುತ್ತಾಳೆ. ಎಣಿಕೆಯನ್ನು 62ಕ್ಕೇ ಬಿಟ್ಟು ಸ್ಟ್ರೋಕ್‌ನ ಉದ್ದವನ್ನು 6ಕ್ಕೆ ಏರಿಸಿದರೂ 22.3 ಬರುತ್ತದೆಯಲ್ಲ? ಯಾವುದು ಮೇಲು?

ಭೌತಶಾಸ್ತ್ರದ ಮೇಡಂ

ಅದೇ ವೇಗಕ್ಕೆ ನಿಮಿಷಕ್ಕೆ ಬೇಕಾದ ಕೆಲಸ ಎರಡರಲ್ಲೂ ಒಂದೇ. 62ರಲ್ಲಿ ಪ್ರತಿ ಸ್ಟ್ರೋಕ್ ನೂರಕ್ಕೆ 16ರಷ್ಟು ಹೆಚ್ಚು ಜೋರಾಗಿರಬೇಕು, ಅಷ್ಟೇ. ಸ್ನಾಯುವಿಗೆ ಯಾವುದು ಹಗುರ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ.

ಹಳೆಯ ರೇಸರ್

13 ವರ್ಷಕ್ಕೆ ನಾನು ಉದ್ದವನ್ನೇ ಆರಿಸುತ್ತೇನೆ. ಕುಳಿತು, ಪಕ್ಕಕ್ಕೆ ಪೂರ್ತಿ ತಳ್ಳುವುದು ಈಗ ಕೂಡಿಬಂದರೆ ಎಣಿಕೆಯನ್ನು ಆಮೇಲೆ ಏರಿಸಬಹುದು.

ರಾಜಾಜಿನಗರ ರಿಂಕ್

ನಮ್ಮ ಕೋಚ್ ಇದಕ್ಕೆ ಪೂರ್ತಿ ವಿರುದ್ಧ. ಕಾಲಿನ ಚುರುಕು ಈ ವಯಸ್ಸಿನಲ್ಲೇ ಬರಬೇಕು, ಬಲ ಮೈ ಬೆಳೆದ ಮೇಲೆ ಬರುತ್ತದೆ ಎನ್ನುತ್ತಾರೆ. ನಮ್ಮ ಹುಡುಗನಿಗೆ 80ರಲ್ಲಿ ಅಭ್ಯಾಸ ಮಾಡಿಸುತ್ತಿದ್ದಾರೆ.

ಹಳೆಯ ರೇಸರ್

80ರಲ್ಲಿ ಎರಡೂ ಕಾಲು ಒಟ್ಟಿಗೆ ನೆಲದ ಮೇಲಿರುವುದು ಎಷ್ಟು ಫ್ರೇಮ್ ಎಂದು ವಿಡಿಯೊದಲ್ಲಿ ನೋಡಿ ಹೇಳಿ. ಬರೀ ಎರಡು ಮೂರು ಇದ್ದರೆ ಅವನು ತಳ್ಳುವುದನ್ನು ಮುಗಿಸದೆಯೇ ಕಾಲು ಎತ್ತುತ್ತಿದ್ದಾನೆ. ಐದಾರು ಇದ್ದರೆ ನಿಮ್ಮ ಕೋಚ್ ಮಾತಿಗೆ ನಾನು ಎದುರಾಡುವುದಿಲ್ಲ.

ಜಯನಗರದ ತಂದೆ

ಮುಂದಿನ ವಾರ ಎಣಿಕೆಯನ್ನು 62ಕ್ಕೇ ಇಟ್ಟು, ಭಂಗಿಯನ್ನು ಇನ್ನೂ ತಗ್ಗಿಸಿ ಓಡಿಸುತ್ತೇನೆ. ಹೋಗುವ ಮತ್ತು ಬರುವ ಸಮಯ, ಬಲದಿಂದ ಬಲದ ದೂರ, ಎರಡೂ ಕಾಲಿನ ಫ್ರೇಮ್ ಮೂರನ್ನೂ ಇಲ್ಲೇ ಹಾಕುತ್ತೇನೆ.